ಹೊಸ ಎಸ್‌ಡಿಎಂಸಿ ಸದಸ್ಯರಿಗೆ ಒಂದು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ, ತಿದ್ದಿ ಕೊಡಿ

ತೋಟದ ಸಾಲು (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೋದ ತಿಂಗಳು ಹೊಸ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಆಯಿತು. ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ. ನನ್ನ ಮಗಳು ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಒಟ್ಟು 68 ಮಕ್ಕಳಿದ್ದಾರೆ, 1ರಿಂದ 5ರವರೆಗೆ 48, ಆರು ಮತ್ತು ಏಳರಲ್ಲಿ 20. ಸದಸ್ಯರಲ್ಲಿ ಜಾಸ್ತಿ ಜನ ಕಾಫಿ ತೋಟದ ಕೆಲಸದವರು. ಯಾರಿಗೂ ಮೊದಲಿನ ಅನುಭವ ಇಲ್ಲ.

ಮೊನ್ನೆ ಸಂಜೆ ಶಾಲೆಯಿಂದ ಒಬ್ಬ ಹುಡುಗನ ಕೈಯಲ್ಲಿ ನಡಾವಳಿ ಪುಸ್ತಕ ಮನೆಗೆ ಬಂತು. ಸಹಿ ಹಾಕಿ ಕಳಿಸಿ ಅಂದರು. ತೆಗೆದು ನೋಡಿದರೆ ಸಭೆ ನಡೆದಿದೆ ಅಂತ ಬರೆದಿದೆ. ಆದರೆ ಸಭೆ ನಡೆದಿಲ್ಲ. "ಶಾಲೆಗೆ ಬೇಕಾದ ಸಾಮಗ್ರಿ ಕೊಳ್ಳಲು ತೀರ್ಮಾನಿಸಲಾಯಿತು" ಅಂತ ಒಂದು ಸಾಲು ಇತ್ತು, ಎಷ್ಟು ದುಡ್ಡು ಅಂತ ಇರಲಿಲ್ಲ. ನಾನು ಸಹಿ ಹಾಕದೆ ವಾಪಸ್ ಕಳಿಸಿದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹೆಡ್‌ಮಾಸ್ಟರು ಒಳ್ಳೆಯವರೇ, ಮಕ್ಕಳಿಗೆ ಚೆನ್ನಾಗಿ ಪಾಠ ಮಾಡುತ್ತಾರೆ. ಅವರ ಮನಸ್ಸಿಗೆ ನೋವಾಯಿತೇನೋ ಅನ್ನುವುದು ಒಂದು ಕಡೆ, ತಪ್ಪಿಗೆ ಸಹಿ ಹಾಕಬಾರದು ಅನ್ನುವುದು ಇನ್ನೊಂದು ಕಡೆ.

ಹಾಗಾಗಿ ನಮ್ಮ ಸದಸ್ಯರಿಗೆಲ್ಲ ಓದಿ ಹೇಳುವ ಹಾಗೆ ಒಂದು ಟಿಪ್ಪಣಿ ಬರೆಯಬೇಕು ಅಂದುಕೊಂಡಿದ್ದೇನೆ. ನಮ್ಮ ಕೆಲಸ ಏನು, ಸಭೆ ಹೇಗೆ ನಡೆಸಬೇಕು, ಉಸ್ತುವಾರಿ ಅಂದರೆ ನಿಜವಾಗಿ ಏನು ನೋಡಬೇಕು ಅಂತ. ಗೊತ್ತಿರುವವರು ಹೇಳಿ.

ಹಳೇ ಮೇಷ್ಟ್ರು (ಬೇಲೂರು)

ತಾಯಿ, ನೀವು ಸಹಿ ಹಾಕದೆ ಕಳಿಸಿದ್ದು ಸರಿ. ನಾನು ಮುಖ್ಯ ಶಿಕ್ಷಕನಾಗಿ ನಿವೃತ್ತನಾದವನು, ಅಂದರೆ ಆ ಪುಸ್ತಕ ಬರೆಯುತ್ತಿದ್ದ ಜಾಗದಲ್ಲೇ ಕೂತಿದ್ದವನು. ಹಾಗೆ ಮನೆಗೆ ಕಳಿಸುವವರೆಲ್ಲ ಕೆಟ್ಟವರಲ್ಲ. ಜನ ಸಭೆಗೆ ಬರುವುದಿಲ್ಲ, ಮೇಲಿನಿಂದ ಠರಾವಿನ ಪ್ರತಿ ಇವತ್ತೇ ಬೇಕು ಅನ್ನುತ್ತಾರೆ, ಆಗ ಸುಲಭದ ದಾರಿ ಹಿಡಿಯುತ್ತಾರೆ. ಆದರೆ ನಾಳೆ ಆಡಿಟ್‌ನಲ್ಲಿ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರು ಇಬ್ಬರು. ಸದಸ್ಯ ಕಾರ್ಯದರ್ಶಿಯಾಗಿ ಹೆಡ್‌ಮಾಸ್ಟರು, ಅಧ್ಯಕ್ಷೆಯಾಗಿ ನೀವು.

ಬುಡದಿಂದ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಈ ಸಮಿತಿಯ ಬಗ್ಗೆ ಹೇಳುತ್ತದೆ. ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆ ತಾಯಿಗಳೋ ಪೋಷಕರೋ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೂ ಮುಂಚೆ, 2001ರಲ್ಲೇ ಸರ್ಕಾರಿ ಆದೇಶದಿಂದ ಎಸ್‌ಡಿಎಂಸಿ ಬಂದಿತ್ತು. ಕಾಯ್ದೆ ಕೊಟ್ಟಿರುವ ಮುಖ್ಯ ಕೆಲಸ ಮೂರು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಶಾಲಾಭಿವೃದ್ಧಿ ಯೋಜನೆ ಮಾಡಿಕೊಡುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು. ಮೂರರಲ್ಲಿ ಎರಡು ಕಡೆ "ನೋಡುವುದು" ಅಂತಲೇ ಇದೆ. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ಏನನ್ನು, ಯಾವ ಪುಸ್ತಕದಲ್ಲಿ, ಹೇಗೆ ನೋಡಬೇಕು ಅನ್ನುವುದಕ್ಕೇ ಜಾಸ್ತಿ ಜಾಗ ಕೊಡಿ.

ಅರಸೀಕೆರೆ ಅಪ್ಪ

ಅಕ್ಕ, ಹೆದರಬೇಡಿ. ಎಸ್‌ಡಿಎಂಸಿ ಅಂದರೆ ಶಾಲೆಗೆ ಮಾಲೀಕರು ಇದ್ದ ಹಾಗೆ. ಮೇಷ್ಟ್ರು ತಡವಾಗಿ ಬಂದರೆ ಆ ದಿನದ ಸಂಬಳ ಹಿಡಿಯಿರಿ ಅಂತ ಠರಾವು ಮಾಡಬಹುದು, ಜಾಸ್ತಿ ಆದರೆ ಸಸ್ಪೆಂಡ್ ಮಾಡಿಸಬಹುದು. ಇನ್ನೊಂದು ವಿಷಯ, ಶಿಕ್ಷಕರನ್ನು ಚುನಾವಣೆ ಕೆಲಸಕ್ಕೆ ಕಳಿಸುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಅದನ್ನೂ ಸಮಿತಿ ತಡೆಯಬಹುದು.

ಹಳೇ ಮೇಷ್ಟ್ರು (ಬೇಲೂರು)

ಅರಸೀಕೆರೆಯವರೇ, ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ, ಉಳಿದರ್ಧ ತಿದ್ದಬೇಕು. ಶಿಕ್ಷಕರಿಗೆ ಬೇರೆ ಕೆಲಸ ಹಚ್ಚಬಾರದು ಅಂತ 27ನೇ ಕಲಂ ಹೇಳುವುದು ಹೌದು. ಆದರೆ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಈ ಮೂರನ್ನು ಅದೇ ಕಲಂ ಹೊರಗಿಟ್ಟಿದೆ. ಚುನಾವಣೆಗೆ ಹೋಗಲೇಬೇಕು.

ಸಂಬಳ ಹಿಡಿಯುವುದು, ಸಸ್ಪೆಂಡ್ ಮಾಡುವುದು ಇಲಾಖೆಯ ಕೆಲಸ. ಶಿಕ್ಷಕರು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಅಂದರೆ ಯಾವ ದಿನ, ಎಷ್ಟು ಹೊತ್ತಿಗೆ ಬಂದರು ಅಂತ ಗುರುತು ಹಾಕಿಕೊಳ್ಳಿ. ಮೊದಲು ಅವರ ಹತ್ತಿರವೇ ಮಾತಾಡಿ. ಸರಿಹೋಗದಿದ್ದರೆ ಸಭೆಯಲ್ಲಿಟ್ಟು ಠರಾವು ಮಾಡಿ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಮೂಲಕ ತಾಲ್ಲೂಕಿನ ಶಿಕ್ಷಣಾಧಿಕಾರಿಯಾದ ಬಿಇಒ ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಕ್ಲಾಸಿನೊಳಗೆ ಹೋಗಿ ಮಕ್ಕಳ ಮುಂದೆ ಗದರಿದರೆ ಆ ಶಿಕ್ಷಕರ ಮಾತನ್ನು ಮಕ್ಕಳು ಮತ್ತೆ ಕೇಳುವುದಿಲ್ಲ. ಅದು ನಾನು ಕಣ್ಣಾರೆ ಕಂಡದ್ದು.

ಹಾಸನ ಪೋಷಕಿ

ನಮ್ಮ ಮಗ ಓದುವ ಖಾಸಗಿ ಶಾಲೆಯಲ್ಲಿ ಈ ವರ್ಷ ಫೀಸು ತುಂಬಾ ಏರಿಸಿದ್ದಾರೆ. ಅಲ್ಲಿಯೂ ಎಸ್‌ಡಿಎಂಸಿ ಮಾಡಿ ಫೀಸು ಇಳಿಸಬಹುದಾ?

ಹಳೇ ಮೇಷ್ಟ್ರು (ಬೇಲೂರು)

ಆಗುವುದಿಲ್ಲ ತಾಯಿ. ಅನುದಾನ ಇಲ್ಲದ ಖಾಸಗಿ ಶಾಲೆ 21ನೇ ಕಲಂಗೆ ಬರುವುದೇ ಇಲ್ಲ. ಅನುದಾನಿತ ಶಾಲೆಯಲ್ಲಿ ಸಮಿತಿ ಇರುತ್ತದೆ, ಆದರೆ 2012ರ ತಿದ್ದುಪಡಿಯ ನಂತರ ಅದು ಸಲಹೆ ಕೊಡುವುದಕ್ಕೆ ಮಾತ್ರ. ನಿಮ್ಮ ಫೀಸಿನ ವಿಷಯ ಬೇರೆಯದೇ ದಾರಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಗೊತ್ತಿರುವವರು ಬರುತ್ತಾರೆ.

ತೋಟದ ಸಾಲು (ಮೂಡಿಗೆರೆ ಕಡೆ)

ಮೇಷ್ಟ್ರೇ, ಸಭೆಯ ವಿಷಯ ಬಿಡಿಸಿ ಹೇಳಿ. ನಮ್ಮಲ್ಲಿ ಬೆಳಿಗ್ಗೆ 11ಕ್ಕೆ ಸಭೆ ಅಂತ ಕರೆಯುತ್ತಾರೆ. ಆ ಹೊತ್ತಿಗೆ ಯಾರು ಬರುತ್ತಾರೆ ಹೇಳಿ? ತೋಟದವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಕಾಫಿ ಕೊಯ್ಲಿನಲ್ಲಿ ಅಂತೂ ಸಾಧ್ಯವೇ ಇಲ್ಲ. ಸಂಜೆ ಇಟ್ಟುಕೊಳ್ಳೋಣ ಅಂದರೆ ಕತ್ತಲಾದ ಮೇಲೆ ಆನೆ ಭಯ.

ಮಾಜಿ ಅಧ್ಯಕ್ಷ (ಆಲೂರು)

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಮೂರು ವರ್ಷ ಇದರಲ್ಲೇ ಒದ್ದಾಡಿದ್ದೇನೆ. ನಮ್ಮಲ್ಲೂ ಮೊದಲು 11 ಗಂಟೆಗೇ ಸಭೆ. ಅಂಗಡಿ ಇಟ್ಟುಕೊಂಡವರು, ಪಂಚಾಯ್ತಿ ಸದಸ್ಯರು, ನಾನು ಇಷ್ಟೇ ಜನ. ತಾಯಂದಿರು ಒಬ್ಬರೂ ಬರುತ್ತಿರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ಪುಸ್ತಕದಲ್ಲೇ ಬರೆದಿದ್ದರು. ಅದನ್ನು ಓದಿ ನನಗೆ ಬೇಜಾರಾಯಿತು.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಸಭೆಯನ್ನು ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಇಟ್ಟೆವು. ನಮ್ಮ ಕಡೆ ತೋಟಕ್ಕೆ ಭಾನುವಾರ ರಜೆ, ಜನ ಸಂತೆಗೆ ಹೊರಡುವ ಮುಂಚೆ ಸಿಗುತ್ತಾರೆ. ರಜೆ ದಿನ ಬರುವುದಕ್ಕೆ ಹೆಡ್‌ಮಾಸ್ಟರ್ ಒಪ್ಪಬೇಕಿತ್ತು, ನಮ್ಮವರು ಒಪ್ಪಿದರು. ಎರಡನೆಯದು, ನೋಟಿಸ್ ಪುಸ್ತಕವನ್ನು ಒಂದು ವಾರ ಮೊದಲೇ ಲೈನ್ ಮನೆಗಳಿಗೆ ಕಳಿಸಿ ಸಹಿ ತೆಗೆದುಕೊಂಡೆವು. ಆ ನೋಟಿಸಿನಲ್ಲಿ ಏನು ಚರ್ಚೆ ಅಂತ ಬರೆದಿರುತ್ತಿತ್ತು. ಬರೀ "ಸಭೆಗೆ ಬನ್ನಿ" ಅಂದರೆ ಯಾರೂ ಬರುವುದಿಲ್ಲ. "ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಿಲ್ಲ, ಅದರ ಬಗ್ಗೆ" ಅಂತ ಬರೆದ ತಿಂಗಳು ಒಂಬತ್ತು ಜನ ತಾಯಂದಿರು ಬಂದರು.

ಅಸ್ಸಾಂ ಕಡೆಯಿಂದ ಬಂದ ಒಂದು ಕುಟುಂಬದ ತಾಯಿಯೂ ಸದಸ್ಯೆಯಾಗಿದ್ದರು. ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಅವರ ಮಗನೇ ಪಕ್ಕದಲ್ಲಿ ಕೂತು ಹೇಳುತ್ತಿದ್ದ. ಅದು ಸರಿಯೋ ತಪ್ಪೋ, ನಮಗೆ ಬೇರೆ ದಾರಿ ಇರಲಿಲ್ಲ.

ಹಳೇ ಮೇಷ್ಟ್ರು (ಬೇಲೂರು)

ಚೆನ್ನಾಗಿ ಹೇಳಿದಿರಿ. ನಾನು ಬರವಣಿಗೆಯ ಬಗ್ಗೆ ಮಾತ್ರ ಸೇರಿಸುತ್ತೇನೆ.

ತಿಂಗಳಿಗೊಂದು ಸಭೆ. ಶುರುವಿಗೆ ಹಿಂದಿನ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದಿಸಿ. ಓದು ಬಾರದ ಸದಸ್ಯರಿಗೆ ತಾವು ಯಾವುದಕ್ಕೆ ಒಪ್ಪಿದೆವು ಅಂತ ಗೊತ್ತಾಗುವುದು ಆಗಲೇ. ಆಮೇಲೆ ಹೋದ ಸಲ ಮಾಡುತ್ತೇವೆ ಅಂದ ಕೆಲಸ ಆಯಿತಾ ಇಲ್ಲವಾ ಕೇಳಿ. ನಂತರ ಹೊಸ ವಿಷಯ.

ಠರಾವನ್ನು ಸಭೆಯಲ್ಲೇ ಬರೆಯಬೇಕು. ನಂಬರ್ ಹಾಕಬೇಕು. "ಸಾಮಗ್ರಿ ಕೊಳ್ಳಲು ತೀರ್ಮಾನಿಸಲಾಯಿತು" ಅಂತ ಬರೆದರೆ ಅದರ ಕೆಳಗೆ ಯಾವ ಬಿಲ್ ಬೇಕಾದರೂ ಇಡಬಹುದು. ಹೀಗೆ ಬರೆಯಿರಿ: "ಹೆಣ್ಣುಮಕ್ಕಳ ಶೌಚಾಲಯಕ್ಕೆ ಎರಡು ನಲ್ಲಿ ಮತ್ತು ಪೈಪು ಹಾಕಿಸಲು, ಕೂಲಿ ಸೇರಿ 3,200 ರೂಪಾಯಿ ಮೀರದಂತೆ, ಶಾಲಾ ಅನುದಾನದಿಂದ ಖರ್ಚು ಮಾಡಲು ಒಪ್ಪಲಾಯಿತು. ಕೆಲಸ ನೋಡಿಕೊಳ್ಳುವವರು ಇಂಥ ಸದಸ್ಯರು." ಯಾರಾದರೂ ಒಪ್ಪದಿದ್ದರೆ ಅದನ್ನೂ ಬರೆಯಬೇಕು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಗೆರೆಗೆ ಅಂಟಿದ ಹಾಗೆ ಸಹಿ ಶುರುವಾಗಬೇಕು. ಮಧ್ಯೆ ಜಾಗ ಬಿಟ್ಟರೆ ಆಮೇಲೆ ಒಂದು ಸಾಲು ಸೇರಿಕೊಳ್ಳಬಹುದು. ಬಾರದವರು ಮಾರನೇ ದಿನ ಸಹಿ ಹಾಕುವುದು ಬೇಡ. ಗೈರು ಅಂತಲೇ ಇರಲಿ.

ಅರಸೀಕೆರೆ ಅಪ್ಪ

ಕೋರಂ ಎಷ್ಟು ಮೇಷ್ಟ್ರೇ? ನಮ್ಮಲ್ಲಿ ಐದು ಜನ ಇದ್ದರೆ ಸಾಕು ಅನ್ನುತ್ತಾರೆ.

ಹಳೇ ಮೇಷ್ಟ್ರು (ಬೇಲೂರು)

ಬಾಯಿಮಾತಿನ ಸಂಖ್ಯೆ ಹಿಡಿಯಬೇಡಿ. ಎಸ್‌ಡಿಎಂಸಿ ಬೈಲಾ ಪ್ರತಿ ಶಾಲೆಯಲ್ಲಿರಬೇಕು. ಹೆಡ್‌ಮಾಸ್ಟರ್ ಹತ್ತಿರ ಕೇಳಿ ಅದರಲ್ಲಿರುವುದನ್ನೇ ಓದಿ. ಆ ಪುಟವನ್ನು ನಡಾವಳಿ ಪುಸ್ತಕದ ಒಳರಟ್ಟಿಗೆ ಅಂಟಿಸಿದರೆ ಪ್ರತಿ ಸಲ ಜಗಳ ಬರುವುದಿಲ್ಲ.

ತೋಟದ ಸಾಲು (ಮೂಡಿಗೆರೆ ಕಡೆ)

ದುಡ್ಡಿನ ವಿಷಯ ಹೇಳಿ. ನಮ್ಮ ಶಾಲೆಗೆ ಎಷ್ಟು ಬರುತ್ತದೆ ಅಂತಲೇ ನನಗೆ ಗೊತ್ತಿಲ್ಲ.

ಮಾಜಿ ಅಧ್ಯಕ್ಷ (ಆಲೂರು)

ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಲೆಕ್ಕದ ಮೇಲೆ ಬರುತ್ತದೆ. 30 ಮಕ್ಕಳವರೆಗೆ ವರ್ಷಕ್ಕೆ 10,000, ಅಲ್ಲಿಂದ 100ರವರೆಗೆ 25,000, 250ರವರೆಗೆ 50,000 ರೂಪಾಯಿ. ನಿಮ್ಮಲ್ಲಿ 68 ಮಕ್ಕಳು ಅಂದರೆ 25,000. ಅದರಲ್ಲಿ ಕನಿಷ್ಠ ನೂರಕ್ಕೆ ಹತ್ತು, ಅಂದರೆ 2,500 ರೂಪಾಯಿ ಸ್ವಚ್ಛತೆಗೇ ಇಡಬೇಕು. ನಲ್ಲಿಯ ಕೆಲಸಕ್ಕೆ ದುಡ್ಡು ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ನೋಡುವುದು ಹೇಗೆ ಅಂದರೆ, ಒಂದು ಬಿಲ್ ಹಿಡಿಯಿರಿ. ಅದಕ್ಕೆ ಠರಾವಿನ ನಂಬರ್ ಇದೆಯಾ? ಬಿಲ್ಲಿನ ತಾರೀಖು ಠರಾವಿಗಿಂತ ಆಮೇಲಿನದಾ? ಅದೇ ಮೊತ್ತ ನಗದು ಪುಸ್ತಕದಲ್ಲಿದೆಯಾ? ವಸ್ತು ಶಾಲೆಯಲ್ಲಿ ಕಣ್ಣಿಗೆ ಕಾಣುತ್ತದಾ? ಈ ನಾಲ್ಕೂ ಸರಿ ಇದ್ದರೆ ಸಹಿ ಹಾಕಿ. ಖಾಲಿ ಚೆಕ್ಕಿಗಾಗಲಿ, ಮೊತ್ತ ಬರೆಯದ ಕಾಗದಕ್ಕಾಗಲಿ ಮುಂಗಡ ಸಹಿ ಬೇಡವೇ ಬೇಡ.

ಅರಸೀಕೆರೆ ಅಪ್ಪ

ದುಡ್ಡು ಸಾಲದಿದ್ದರೆ ಪೋಷಕರಿಂದ ತಿಂಗಳಿಗೆ 100 ರೂಪಾಯಿ ತೆಗೆದುಕೊಳ್ಳಬಹುದು ಅಂತ ಸುತ್ತೋಲೆ ಬಂದಿತ್ತಲ್ಲ?

ಹಳೇ ಮೇಷ್ಟ್ರು (ಬೇಲೂರು)

2022ರ ಅಕ್ಟೋಬರ್‌ನಲ್ಲಿ ಬಂದಿತ್ತು, ಅದೂ ಇಷ್ಟ ಇದ್ದವರು ಕೊಡಲಿ ಅಂತ. ವಿರೋಧ ಬಂದು ಆಗಲೇ ವಾಪಸ್ ಪಡೆದರು. ಆ ಹಳೇ ಸುತ್ತೋಲೆ ಇನ್ನೂ ಫೋನುಗಳಲ್ಲಿ ತಿರುಗುತ್ತಿದೆ. ಅದನ್ನು ತೋರಿಸಿ ದುಡ್ಡು ಕೇಳಬೇಡಿ.

ಬಿಸಿಯೂಟದ ಅಕ್ಕ (ಸಕಲೇಶಪುರ)

ನಾನು ಮುಖ್ಯ ಅಡುಗೆಯವಳು. ಎಲ್ಲರೂ ಸಭೆ, ಠರಾವು ಅನ್ನುತ್ತಿದ್ದೀರಿ. ಅಡುಗೆಮನೆಗೆ ಯಾರು ಬರುತ್ತೀರಿ? ನಮ್ಮ ಶಾಲೆಯಲ್ಲಿ ಸದಸ್ಯರು ಬಂದರೆ ನೇರ ಬಂದು ಸಾರು ರುಚಿ ನೋಡಿ, ಉಪ್ಪು ಕಡಿಮೆ ಅಂತ ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ಅಕ್ಕಿ ಎಷ್ಟು ಬಂತು, ಎಷ್ಟು ಉಳಿದಿದೆ ಅಂತ ಕೇಳಿದವರಿಲ್ಲ. ಕೇಳಿದರೆ ನನಗೇ ಒಳ್ಳೆಯದು. ಏನಾದರೂ ಹೆಚ್ಚುಕಡಿಮೆ ಆದರೆ ಮೊದಲು ಅನುಮಾನ ಬರುವುದು ಅಡುಗೆಯವರ ಮೇಲೆ.

ಮಾಜಿ ಅಧ್ಯಕ್ಷ (ಆಲೂರು)

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ನಡೆದದ್ದು ಇದೇ. ವಿವರವಾಗಿ ಬರೆಯುತ್ತೇನೆ, ಮೂಡಿಗೆರೆಯ ಅಕ್ಕನಿಗೂ ಉಪಯೋಗವಾಗಲಿ. ನಮ್ಮ ಶಾಲೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಮಕ್ಕಳು.

ಅಳತೆ ಹೀಗಿದೆ. 1ರಿಂದ 5ನೇ ಕ್ಲಾಸಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರ ಮೇಲೆ 150 ಗ್ರಾಂ. ಬೇಳೆ 20 ಮತ್ತು 30 ಗ್ರಾಂ. ಚಿಕ್ಕವರು 42, ದೊಡ್ಡವರು 18 ಜನ ಊಟ ಮಾಡಿದ ದಿನ 4.2 ಕೆಜಿಗೆ 2.7 ಸೇರಿ 6.9 ಕೆಜಿ ಅಕ್ಕಿ ಬೇಕು. 50 ಕೆಜಿಯ ಒಂದು ಮೂಟೆ ಏಳು ದಿನ ಬರುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಸಾಕು.

ಒಂದು ಜುಲೈ ತಿಂಗಳು. ತಿಂಗಳ ಶುರುವಿಗೆ 40 ಕೆಜಿ ಇತ್ತು, ಮೂರು ಮೂಟೆ ಬಂತು, ಒಟ್ಟು 190. ಊಟದ ಪುಸ್ತಕದ ಪ್ರಕಾರ ತಿಂಗಳಲ್ಲಿ ಚಿಕ್ಕವರ ಊಟ 880, ದೊಡ್ಡವರದು 380. ಅಂದರೆ 88 ಕೆಜಿ ಮತ್ತು 57 ಕೆಜಿ, ಒಟ್ಟು 145 ಖರ್ಚು. ಉಳಿಯಬೇಕಾದದ್ದು 45. ನಾವು ಮೂರು ಜನ ಸದಸ್ಯರು ತಕ್ಕಡಿ ಇಟ್ಟು ತೂಗಿದೆವು. 59 ಕೆಜಿ ಬಂತು.

ಕಡಿಮೆ ಬಂದಿದ್ದರೆ ಕೂಗಾಡುತ್ತಿದ್ದೆವೇನೋ. ಜಾಸ್ತಿ ಬಂದದ್ದು ನೋಡಿ ಎಲ್ಲರೂ ಸುಮ್ಮನಾದರು. ಆಗ ಒಬ್ಬ ತಾಯಿ ಕೇಳಿದರು, "ಆ ತಿಂಗಳು ಮಳೆಗೆ ರಜೆ ಕೊಟ್ಟಿದ್ದರಲ್ವಾ?" ಅಂತ. ಜಿಲ್ಲಾಧಿಕಾರಿಗಳ ರಜೆ ಆದೇಶ ಎಲ್ಲರ ವಾಟ್ಸಾಪ್‌ನಲ್ಲೂ ಇತ್ತು. ತಾರೀಖು ಹಿಡಿದು ಪುಸ್ತಕ ನೋಡಿದರೆ ಎರಡು ರಜೆಯ ದಿನ 42 ಮತ್ತು 18 ಊಟ ಅಂತ ಬರೆದಿತ್ತು. ಎರಡು ದಿನಕ್ಕೆ 13.8 ಕೆಜಿ. ಲೆಕ್ಕ ಅಲ್ಲಿಗೇ ಕೂತಿತು.

ಪುಸ್ತಕ ಬರೆಯುವ ಶಿಕ್ಷಕಿ ಒಂದು ವಾರ ತರಬೇತಿಗೆ ಹೋಗಿದ್ದರು. ವಾಪಸ್ ಬಂದು ಅಂದಾಜಿನ ಮೇಲೆ ತುಂಬಿಸಿದ್ದರು. ಅಕ್ಕಿ ಎಲ್ಲೂ ಹೋಗಿರಲಿಲ್ಲ. ಆದರೆ ಸಮಿತಿ ತೂಗದೆ ಬಿಟ್ಟಿದ್ದರೆ ಆ 14 ಕೆಜಿ ಯಾವ ಲೆಕ್ಕದಲ್ಲೂ ಇಲ್ಲದ ಅಕ್ಕಿಯಾಗಿ ಉಳಿಯುತ್ತಿತ್ತು. ಅಂಥ ಅಕ್ಕಿ ಹೊರಗೆ ಹೋದರೂ ಪುಸ್ತಕದಲ್ಲಿ ಗೊತ್ತಾಗುವುದಿಲ್ಲ. ಹಳೇ ಅಂಕಿಯನ್ನು ಅಳಿಸಲಿಲ್ಲ. ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ತಾರೀಖು ಹಾಕಿ, ಠರಾವು ಮಾಡಿದೆವು.

ಬಿಸಿಯೂಟದ ಅಕ್ಕ (ಸಕಲೇಶಪುರ)

ಅಣ್ಣ, ಒಂದೆರಡು ಕೆಜಿ ಹೆಚ್ಚುಕಡಿಮೆಗೆಲ್ಲ ಕಳ್ಳತನ ಅನ್ನಬೇಡಿ ಅಂತ ಟಿಪ್ಪಣಿಯಲ್ಲಿ ಬರೆಸಿ. ನಾವು ತೂಗಿ ಹಾಕುವುದಿಲ್ಲ, ಡಬ್ಬದಲ್ಲಿ ಅಳೆಯುತ್ತೇವೆ. ಬೆಳಿಗ್ಗೆ ಹಾಜರಿ ಆದ ಮೇಲೆ ಎಷ್ಟು ಮಕ್ಕಳು ಅಂತ ಚೀಟಿ ಬರುತ್ತದೆ, ಅದರ ಮೇಲೆ ಅಕ್ಕಿ ತೊಳೆಯುತ್ತೇವೆ. ಮಳೆಗಾಲದಲ್ಲಿ ಇಲಿ ಮೂಟೆ ಕಡಿಯುತ್ತದೆ, ತಳದ ಅಕ್ಕಿ ಮುಗ್ಗಲು ಹಿಡಿಯುತ್ತದೆ.

ಮಾಜಿ ಅಧ್ಯಕ್ಷ (ಆಲೂರು)

ಖಂಡಿತ ಅಕ್ಕ. ವ್ಯತ್ಯಾಸ ಎಷ್ಟು ಅನ್ನುವುದಕ್ಕಿಂತ ಅದು ಯಾವ ತರಹದ್ದು ಅಂತ ನೋಡಬೇಕು. ಸುಮಾರು ಏಳು, ಹದಿನಾಲ್ಕು, ಇಪ್ಪತ್ತೊಂದು ಕೆಜಿ ಬಂದರೆ ದಿನದ ಲೆಕ್ಕ ತಪ್ಪಿದೆ ಅಂತ ಅನುಮಾನ, ರಜೆ ತಾರೀಖು ನೋಡಿ. ಬಂದ ಪ್ರತಿ ಮೂಟೆಗೂ ಒಂದೋ ಎರಡೋ ಕೆಜಿಯ ಹಾಗೆ ಕಡಿಮೆ ಬಂದರೆ ತಪ್ಪು ಶಾಲೆಯದಲ್ಲ, ಮೂಟೆ ಬರುವಾಗಲೇ ಕಡಿಮೆ ಇದೆ. ಅದಕ್ಕೇ ಗಾಡಿಯಿಂದ ಇಳಿಸುವಾಗ ತೂಗಿ, ತೂಕವನ್ನು ರಸೀದಿಯ ಮೇಲೆ ಬರೆಸಬೇಕು. ಇಳಿಸಿಕೊಂಡು ಸಹಿ ಹಾಕಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಹಳೇ ಮೇಷ್ಟ್ರು (ಬೇಲೂರು)

ಒಂದು ಎಚ್ಚರ. ಗೋಧಿ ಬಳಸಿದ ದಿನ ಇದ್ದರೆ ಆ ದಿನವನ್ನು ಅಕ್ಕಿಯ ಲೆಕ್ಕದಿಂದ ತೆಗೆಯಿರಿ. ಇಲ್ಲದಿದ್ದರೆ ಸುಮ್ನೆ ಗಾಬರಿಯಾಗುತ್ತೀರಿ. ಇನ್ನೊಂದು, ಹಾಜರಿ ಪುಸ್ತಕ ಮತ್ತು ಊಟದ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ತಿಂಗಳಲ್ಲಿ ಯಾವುದಾದರೂ ಮೂರು ದಿನ ನೋಡಿ. ಹಬ್ಬದ ಮಾರನೇ ದಿನ, ಜೋರು ಮಳೆಯ ದಿನ, ಊರ ಜಾತ್ರೆಯ ದಿನ. ಆ ದಿನಗಳಲ್ಲಿ ಮಕ್ಕಳು ಕಡಿಮೆ ಬರುವುದು ಎಲ್ಲರಿಗೂ ಗೊತ್ತು. ಅವತ್ತೂ ಊಟದ ಪುಸ್ತಕದಲ್ಲಿ ಎಂದಿನ ಅಂಕಿಯೇ ಇದ್ದರೆ ಕೇಳಬೇಕಾದ ಪ್ರಶ್ನೆ ಇದೆ.

ತೋಟದ ಸಾಲು (ಮೂಡಿಗೆರೆ ಕಡೆ)

ಎಲ್ಲವನ್ನೂ ಬರೆದುಕೊಂಡೆ. ಖಾಲಿ ಚೀಲದ ವಿಷಯ ಏನು? ನಮ್ಮಲ್ಲಿ ಮೂಲೆಯಲ್ಲಿ ಒಂದು ರಾಶಿಯೇ ಬಿದ್ದಿದೆ.

ಬಿಸಿಯೂಟದ ಅಕ್ಕ (ಸಕಲೇಶಪುರ)

ನಮ್ಮಲ್ಲಿ ಎಣಿಸಿ ವಾಪಸ್ ಕೊಡುತ್ತಾರೆ.

ಮಾಜಿ ಅಧ್ಯಕ್ಷ (ಆಲೂರು)

ನಮ್ಮಲ್ಲಿ ಮಾರಿ ದುಡ್ಡನ್ನು ಖಾತೆಗೆ ಕಟ್ಟಿದೆವು, ರಸೀದಿ ಇಟ್ಟುಕೊಂಡೆವು. ನಿಮ್ಮ ತಾಲ್ಲೂಕಿನಲ್ಲಿ ಹೇಗೆ ಅಂತ ಅಕ್ಷರ ದಾಸೋಹದ ಅಧಿಕಾರಿಗಳನ್ನೇ ಕೇಳಿ. ಅಲ್ಲಿಯವರೆಗೆ ಎಣಿಸಿ ಪುಸ್ತಕದಲ್ಲಿ ಬರೆದಿಡಿ.

ಅರಸೀಕೆರೆ ಅಪ್ಪ

ಅಕ್ಕ, ನಡಾವಳಿ ಪುಸ್ತಕ ವಾಪಸ್ ಕಳಿಸಿದಿರಲ್ಲ, ಹೆಡ್‌ಮಾಸ್ಟರ್ ಏನಂದರು?

ತೋಟದ ಸಾಲು (ಮೂಡಿಗೆರೆ ಕಡೆ)

ಇವತ್ತು ಬೆಳಿಗ್ಗೆ ಮಗಳನ್ನು ಬಿಡುವಾಗ ನಾನೇ ಹೋಗಿ ಮಾತಾಡಿದೆ. ಮೊದಲು ಮುಖ ಗಂಟು ಹಾಕಿಕೊಂಡಿದ್ದರು. "ನಿಮ್ಮ ಮೇಲೆ ಅನುಮಾನ ಇಲ್ಲ ಸರ್, ನನ್ನ ಸಹಿಯ ಮೇಲೆ ನನಗೆ ಭಯ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪುಟಕ್ಕೆ ಅಡ್ಡ ಗೆರೆ ಹೊಡೆದು "ಸಭೆ ನಡೆದಿಲ್ಲ" ಅಂತ ಬರೆದು ತಾರೀಖು ಹಾಕಿದರು. ಭಾನುವಾರ ಎಂಟೂವರೆ ಸಭೆಗೆ ಒಪ್ಪಿದ್ದಾರೆ, ಆದರೆ ಪ್ರತಿ ತಿಂಗಳು ರಜೆ ದಿನ ಬರುವುದು ಕಷ್ಟ ಅಂದರು. ಅದನ್ನು ಸಭೆಯಲ್ಲೇ ಮಾತಾಡುತ್ತೇವೆ.

ನೋಟಿಸಿನಲ್ಲಿ ಎರಡು ವಿಷಯ ಹಾಕಿಸಿದ್ದೇನೆ, 25,000 ರೂಪಾಯಿಯ ಖರ್ಚಿನ ಲೆಕ್ಕ ಮತ್ತು ಅಕ್ಕಿ ತೂಗುವುದು. ತಕ್ಕಡಿಯನ್ನು ತೋಟದ ರೈಟರ್ ಹತ್ತಿರ ಕೇಳಿದ್ದೇನೆ, ಕಾಫಿ ತೂಗುವುದು. ಶನಿವಾರ ಸಂಜೆ ಕೊಡುತ್ತೇನೆ ಅಂದಿದ್ದಾರೆ.